ಹಿಂಡಿದ ಮೇಲೆ ಉಳಿದ ನೀರು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಮನೆಯ ಬೆಡ್‌ಶೀಟ್‌ಗಳನ್ನೆಲ್ಲ ಎಳೆದು ರಾಶಿ ಹಾಕಿದೆ. ನನ್ನ ಗಂಡನ ಅಂತ್ಯಕ್ರಿಯೆಗೆ ಬಂದವರು ಮಂಚದ ಮೇಲೆ, ಸೋಫಾದಲ್ಲಿ, ನೆಲದಲ್ಲಿ, ಜಾಗ ಸಿಕ್ಕಲ್ಲಿ ಮಲಗಿದ್ದರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ಇವತ್ತೇ ಆಗ್ಬೇಕಾ ಅದು?"

"ಬಿಸಿಲಿದೆ."

"ಬಿಸಿಲು ನಾಳೆನೂ ಇರುತ್ತೆ ಕಣಮ್ಮ."

ಇರಬಹುದು. ಆದರೆ ಮಾಡಲು ಬೇರೆ ಏನೂ ಹೊಳೆಯಲಿಲ್ಲ. ಮೆಷಿನ್‌ಗೆ ಬಟ್ಟೆ ತುಂಬಿ, ಪುಡಿ ಹಾಕಿ, ಬಾಗಿಲು ಮುಚ್ಚಿದೆ. ಅದು ತಿರುಗಿತು. ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಅಳು ಬರುತ್ತದೆಂದು ಎಲ್ಲರೂ ಹೇಳಿದ್ದರು. ಬರಲಿಲ್ಲ. ಸೋಪಿನ ನೊರೆ ಗಾಜಿಗೆ ಬಡಿದು ಇಳಿಯುವುದು ಕಾಣುತ್ತಿತ್ತು, ಅಷ್ಟೆ.

ಒಗೆದದ್ದನ್ನು ಬಕೆಟ್‌ನಲ್ಲಿ ಹೊತ್ತು ಬಾಲ್ಕನಿಗೆ ಹೋದಾಗ ಕೊಕ್ಕೆ ತಕ್ಕಡಿ ಕಣ್ಣಿಗೆ ಬಿತ್ತು. ಹೂಕುಂಡ ನೇತುಹಾಕಲು ಹೊಡೆದಿದ್ದ ಮೊಳೆಯಲ್ಲಿ ಅದು ಹಾಗೇ ತೂಗುತ್ತಿತ್ತು. ಮೇಲೊಂದು ಉಂಗುರ, ಕೆಳಗೊಂದು ಕೊಕ್ಕೆ, ನಡುವೆ ಮುಳ್ಳು. ನಮ್ಮದಲ್ಲ. ಗಡಿಯಾರನದು.

ಗಡಿಯಾರ ನನ್ನ ಗಂಡನ ಬಾಲ್ಯದ ಗೆಳೆಯ. ಶಾಲೆಯಲ್ಲಿ ಒಂದು ದಿನವೂ ಬೆಲ್ ಹೊಡೆಯುವ ಮುಂಚೆ ಬಂದವನಲ್ಲವಂತೆ, ಅದಕ್ಕೆ ಆ ಹೆಸರು. ನಮ್ಮ ಮದುವೆಗೆ ಊಟದ ಎಲೆ ಎತ್ತುವಾಗ ಬಂದಿದ್ದ. ಗೆಳೆಯನನ್ನು ಕಳಿಸಿಕೊಡಲು ಮಾತ್ರ ಎಲ್ಲರಿಗಿಂತ ಮೊದಲೇ ಬಂದು ಗೇಟಿನ ಹೊರಗೆ ನಿಂತಿದ್ದ. ಒಂದು ಪಾರ್ಸೆಲ್ ಕಂಪನಿಯಲ್ಲಿ ವ್ಯಾನ್ ಓಡಿಸುತ್ತಾನೆ. ಇನ್ನು ಓಡಿಸುವುದಿಲ್ಲ, ಸ್ವಂತ ಲಾಂಡ್ರಿ ಹಾಕುತ್ತೇನೆ ಎಂದು ವರ್ಷದಿಂದ ಹೇಳುತ್ತಿದ್ದ. ಲಾಡ್ಜ್‌ಗಳ ಬೆಡ್‌ಶೀಟು, ಟವೆಲ್ಲು, ದಿಂಬಿನ ಕವರ್ರು. ಮಧ್ಯಾಹ್ನ ತೆಗೆದುಕೊಂಡು ಹೋಗಿ ಸಂಜೆಗೆ ವಾಪಸ್ ಕೊಡುವುದು.

ನನ್ನ ಗಂಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೆಷಿನ್‌ಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್. ಗಡಿಯಾರ ಸಹಜವಾಗಿಯೇ ಅವನನ್ನು ಕೇಳಿದ. ನಮ್ಮ ಹಾಲ್‌ನಲ್ಲಿ ಕೂತು, ಟೀ ಆರಿಹೋಗುವಷ್ಟು ಹೊತ್ತು, ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಎಲ್ಲ ವಿವರಿಸಿದ. ನನ್ನ ಗಂಡ ತಲೆಯಾಡಿಸಿದ. "ಸೂಪರ್ ಕಣೋ," ಎಂದ. ಗಡಿಯಾರ ಹೊರಟು ನಿಂತಾಗ, "ನಿನ್ನ ಕೊಕ್ಕೆ ತಕ್ಕಡಿ ಒಂದೆರಡು ದಿನ ಕೊಡೋ, ಸೂಟ್‌ಕೇಸ್ ತೂಗ್ಬೇಕು," ಎಂದ.

ನಾವು ಎಲ್ಲಿಗೂ ಹೋಗುವವರಿರಲಿಲ್ಲ.

ತಕ್ಕಡಿ ಬಂದ ಮೇಲೆ ನನ್ನ ಗಂಡ ನಮ್ಮ ಮಂಚದ ಬೆಡ್‌ಶೀಟನ್ನೇ ಮಡಚಿ ಕೊಕ್ಕೆಗೆ ಸಿಕ್ಕಿಸಿದ. "ಯೂನಿವರ್ಸಿಟಿ ಮೇಡಂ, ಸ್ವಲ್ಪ ಓದಿ ಹೇಳಿ," ಎಂದು ಎಂದಿನಂತೆ ನನ್ನ ಡಿಗ್ರಿಯನ್ನು ರೇಗಿಸಿದ. ಮುಕ್ಕಾಲು ಕೇಜಿ ಇತ್ತು. ಆಮೇಲೆ ಅದನ್ನು ಮೆಷಿನ್‌ಗೆ ಹಾಕಿ, ಒಗೆದು, ಹಿಂಡಿಸಿ, ಮತ್ತೆ ಸಿಕ್ಕಿಸಿದ. ಒಂದು ಕೇಜಿ ಇನ್ನೂರು ಗ್ರಾಂ. ತೊಟ್ಟಿಕ್ಕುತ್ತಿರಲಿಲ್ಲ. ಕೈಗೆ ಬರೀ ತಣ್ಣಗೆ ಅನಿಸುತ್ತಿತ್ತು.

"ನೋಡು, ಹಿಂಡಿದ ಮೇಲೂ ಅರ್ಧ ಲೀಟರ್‌ಗೆ ಹತ್ತಿರ ನೀರು ಇದರೊಳಗೆ ಕೂತಿದೆ. ಗಡಿಯಾರ ಒಗೆಯೋದನ್ನ ಲೆಕ್ಕ ಹಾಕಿದಾನೆ. ಒಣಗೋದನ್ನ ಹಾಕಿಲ್ಲ. ನಮ್ಮ ಆಸ್ಪತ್ರೆಯಲ್ಲೇ ಡ್ರೈಯರ್‌ಗೆ ಒಂದು ಗಂಟೆ ಬೇಕು, ಅದೂ ಉಂಡೆ ಕಟ್ಟದ ಹಾಗೆ ನಡುವೆ ಬಿಡಿಸಿದ್ರೆ."

"ಸೂಪರ್ ಅಂದ್ರಲ್ಲ."

"ಅವನ ಮುಖ ನೋಡಿದ್ಯಾ ನೀನು?"

"ಹೇಳ್ತೀರಾ?"

"ನೋಡೋಣ."

ಆ ವಾರವೇ ನನ್ನ ಗಂಡ ಕೆಲಸದ ಜಾಗದಲ್ಲೇ ಕುಸಿದ. ಸುತ್ತ ಡಾಕ್ಟರುಗಳೇ ಇದ್ದರು. ಏನೂ ಮಾಡಲಾಗಲಿಲ್ಲ.

ತಂತಿಯ ಮೇಲೆ ಬೆಡ್‌ಶೀಟ್ ಹರಡಿ ಕ್ಲಿಪ್ ಹಾಕುತ್ತಿರುವಾಗ ಬಾಗಿಲು ಸದ್ದಾಯಿತು. ಗಡಿಯಾರ ಬಂದಿದ್ದ. ಅತ್ತೆ ಅವನ ಕೈ ಹಿಡಿದು ಕೂರಿಸಲು ನೋಡಿದರು. ಅವನು ಕೂರದೆ ನನ್ನ ಕಡೆ ತಿರುಗಿದ.

"ಅತ್ತಿಗೆ, ಒಂದರ್ಧ ಗಂಟೆ ಬರ್ತೀರಾ? ಅಂಗಡಿ ತೋರಿಸ್ಬೇಕು. ನಾಳೆ ಅಗ್ರಿಮೆಂಟು. ಅವನು ನೋಡ್ಬೇಕಿತ್ತು. ಅವನ ಬದಲು ನೀವು ನೋಡಿಬಿಡಿ."

"ಹೋಗಿ ಬಾಮ್ಮ. ಸ್ವಲ್ಪ ಗಾಳಿ ಆದ್ರೂ ಕುಡಿದ ಹಾಗಾಗುತ್ತೆ," ಎಂದರು ಅತ್ತೆ.

ಹೋದೆ.

ಎರಡು ಬೀದಿ ಆಚೆ, ಬೀಗದ ಕೈ ಮಾಡುವವನ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಇತ್ತು ಅದು. ಶಟರ್ ಎತ್ತಿದಾಗ ಮುಚ್ಚಿಟ್ಟ ಡಬ್ಬಿಯ ವಾಸನೆ ಬಂತು. ಉದ್ದಕ್ಕೆ ಒಂದೇ ಕೋಣೆ. ಮೂರು ಕಡೆ ಗೋಡೆ. ಹಿಂದಿನ ಗೋಡೆಯಾಚೆ ಇನ್ನೊಬ್ಬರ ಮನೆ. ನೆಲದ ಮೂಲೆಯಲ್ಲಿ ನೀರು ಹೋಗುವ ಜಾಲರಿ. ಚಾವಣಿಯಲ್ಲಿ ಫ್ಯಾನಿಗೆಂದು ಬಿಟ್ಟ ಒಂದು ಕೊಕ್ಕೆ.

"ಇಲ್ಲಿ ಒಗೆಯೋ ಮೆಷಿನ್ನು. ಹದಿನೈದು ಕೇಜಿದು. ಸೆಕೆಂಡ್‌ಹ್ಯಾಂಡ್ ಆದ್ರೂ ಗಟ್ಟಿ. ಪಕ್ಕದಲ್ಲಿ ಡ್ರೈಯರ್, ಅದೂ ಹದಿನೈದು. ಜೋಡಿ ಎತ್ತಿನ ಥರ. ಇಲ್ಲಿ ಇಸ್ತ್ರಿ ಮೇಜು. ಮೂರು ಲಾಡ್ಜು, ನಲವತ್ತು ರೂಮು. ಎಲ್ಲ ಸೇರಿ ದಿನಕ್ಕೆ ನೂರು ಕೇಜಿ ಬಟ್ಟೆ. ಏಳು ಸಲ ಹಾಕಿದ್ರೆ ಮುಗೀತು. ಒಂದು ಸಲಕ್ಕೆ ನಲವತ್ತು ನಿಮಿಷ. ಹನ್ನೆರಡಕ್ಕೆ ಶುರು ಮಾಡಿದ್ರೆ ಐದರೊಳಗೆ ಕ್ಲೀನು. ಆರಕ್ಕೆ ಅವರಿಗೆ ಹೊಸ ಗಿರಾಕಿ ಬರೋ ಹೊತ್ತಿಗೆ ಹಾಸಿಗೆ ರೆಡಿ."

ಅವನ ಬೆರಳು ಇಲ್ಲದ ಮೆಷಿನ್‌ನಿಂದ ಇಲ್ಲದ ಮೇಜಿಗೆ ಹೋಗಿ ಬಂತು.

"ಕಿಟಕಿ ಇಲ್ಲ," ಎಂದೆ.

"ಅದೇ ಒಳ್ಳೇದು. ಕಳ್ಳರ ಭಯ ಇಲ್ಲ." ನಕ್ಕ. ನಕ್ಕದ್ದಕ್ಕೆ ನಾಚಿಕೊಂಡ. "ಇನ್ನೊಂದು ತೋರಿಸ್ಬೇಕು. ನೀವು ಬೇಜಾರು ಮಾಡ್ಕೋಬಾರ್ದು."

ಗೋಡೆಗೆ ಮುಖ ಮಾಡಿ ಒರಗಿಸಿದ್ದ ತಗಡಿನ ಬೋರ್ಡನ್ನು ತಿರುಗಿಸಿದ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ. ನನ್ನ ಗಂಡನ ಹೆಸರು, ಕೆಳಗೆ 'ಲಾಂಡ್ರಿ'. ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಕೊನೆಯ ಅಕ್ಷರದ ಅಂಚಿಗೆ ಒಂದು ನೊಣ ಅಂಟಿಕೊಂಡಿತ್ತು.

"ಎಲ್ಲರೂ ಬೇಡ ಅಂದಾಗ ಇವನೊಬ್ಬನೇ ಅತ್ತಿಗೆ, ಸೂಪರ್ ಅಂದಿದ್ದು. ನನ್ನ ಹೆಂಡತಿ ಕೂಡ ಬೇಡ ಅಂದ್ಲು. ಅವನು ಆ ಒಂದು ಮಾತು ಅಂದಿರ್ಲಿಲ್ಲ ಅಂದ್ರೆ ನಾನು ಇಲ್ಲಿ ತನಕ ಬರ್ತಿರ್ಲಿಲ್ಲ. ನಾಳೆ ಸಹಿ ಹಾಕಿ, ಹಾಗೇ ಕಂಪನಿಗೆ ಹೋಗಿ ಕೆಲಸ ಬಿಟ್ಟೆ ಅಂತ ಹೇಳಿಬಿಡ್ತೀನಿ. ನೀವು ಏನಂತೀರಿ?"

ನಾನು ಬೋರ್ಡನ್ನು ನೋಡಿದೆ. ಏನಾದರೂ ಅನಿಸಬೇಕಿತ್ತು. ಅಕ್ಷರ ಚೆನ್ನಾಗಿ ಬರೆದಿದ್ದಾನೆ ಪೇಂಟರ್ ಅನಿಸಿತು.

"ನಾಳೆ ಬರ್ತೀನಿ," ಎಂದೆ.

"ಬನ್ನಿ, ಬನ್ನಿ. ಹತ್ತು ಗಂಟೆಗೆ ಅಂತ ಹೇಳಿದೀನಿ ಓನರ್‌ಗೆ. ನಾನು ಒಂಬತ್ತಕ್ಕೇ ಇರ್ತೀನಿ, ನಂಬಿ."

ಮನೆಗೆ ಬಂದಾಗ ಬೆಡ್‌ಶೀಟ್‌ಗಳು ಅರ್ಧ ಒಣಗಿದ್ದವು. ಬಿಸಿಲು ಬಿದ್ದ ಕಡೆ ಗರಿಗರಿ, ಮಡಿಕೆಯಲ್ಲಿ ತಂಪು. ಅತ್ತೆ ಅನ್ನ ಬಡಿಸಿದರು. ಬೋರ್ಡಿನ ವಿಷಯ ಅವರಿಗೆ ಆಗಲೇ ಗೊತ್ತಿತ್ತು. ಗಡಿಯಾರ ಮೊದಲು ಅವರನ್ನೇ ಕೇಳಿದ್ದನಂತೆ.

"ಎಷ್ಟು ದೊಡ್ಡದಾಗಿದೆ ಅಕ್ಷರ?"

"ಬೀದಿ ಆಚೆಯಿಂದ ಕಾಣೋಷ್ಟು."

ಅವರು ತುತ್ತು ಕಲಸುವುದನ್ನು ನಿಲ್ಲಿಸಿ, ಬಾಗಿಲಿನಾಚೆ ಆ ಬೀದಿ ಇದ್ದಂತೆ ನೋಡಿದರು.

"ಅತ್ತೆ, ಅದು ನಡೆಯಲ್ಲ."

"ಯಾವುದು?"

ಹೇಳಿದೆ. ಒಗೆಯಲು ನಲವತ್ತು ನಿಮಿಷವಾದರೆ ಅದೇ ಬಟ್ಟೆ ಒಣಗಲು ಒಂದು ಗಂಟೆ, ಅದೂ ಎಲ್ಲ ಸರಿಯಿದ್ದರೆ. ಒಗೆಯುವುದು ಐದಕ್ಕೆ ಮುಗಿದರೂ ಡ್ರೈಯರ್ ಮುಂದೆ ಒದ್ದೆ ಬಟ್ಟೆ ಸಾಲುಗಟ್ಟಿ ಕೂತಿರುತ್ತದೆ. ಕೊನೆಯದು ಹೊರಬರುವಾಗ ಎಂಟಾಗಿರುತ್ತದೆ. ಆಮೇಲೆ ಇಸ್ತ್ರಿ. ಅಷ್ಟೂ ನೀರು ಆವಿಯಾಗಿ ಕಿಟಕಿಯಿಲ್ಲದ ಕೋಣೆಯಲ್ಲೇ ತುಂಬಿಕೊಂಡರೆ ಡ್ರೈಯರ್ ಅದೇ ಒದ್ದೆ ಗಾಳಿಯನ್ನು ಎಳೆದುಕೊಂಡು ಇನ್ನೂ ನಿಧಾನವಾಗುತ್ತದೆ. ಇದನ್ನೆಲ್ಲ ನಿಮ್ಮ ಮಗನೇ ತೂಗಿ ನೋಡಿದ್ದರು.

ಅತ್ತೆ ಪೂರ್ತಿ ಕೇಳಿದರು.

"ಅವನಿಗೆ ಗೊತ್ತಿದ್ರೂ ಹೇಳ್ಲಿಲ್ಲ ತಾನೆ?"

"ಹೇಳ್ತಿದ್ರೋ ಏನೋ."

"ಇಲ್ಲ. ನನ್ನ ಮಗ ನನಗೆ ಗೊತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ರೂ ಚಪ್ಪರಿಸಿ ತಿಂದು ಎದ್ದು ಹೋಗಿ ಒಂದು ಚೊಂಬು ನೀರು ಕುಡೀತಿದ್ದ. ಯಾರ ಮುಖನೂ ಬಾಡೋದು ಅವನಿಗೆ ಆಗ್ತಿರ್ಲಿಲ್ಲ. ಅವನು ಬಾಯಿ ಮುಚ್ಕೊಂಡಿದ್ದನ್ನ ನೀನು ಯಾಕೆ ತೆಗೀತೀಯ?"

"ಗಡಿಯಾರ ಕೆಲಸ ಬಿಡ್ತಾ ಇದಾನೆ."

"ಬಿಡ್ಲಿ. ಗಂಡಸು, ಗಟ್ಟಿಮುಟ್ಟಾಗಿದಾನೆ. ಬಿದ್ರೆ ಏಳ್ತಾನೆ. ಈಗ ಅವನಿಗೆ ಬೇಕಾಗಿರೋದು ನಿನ್ನ ಲೆಕ್ಕ ಅಲ್ಲ ಕಣೇ. ಬೆನ್ನ ಮೇಲೆ ಒಂದು ಕೈ. ಆ ಕೈ ಹೋಯ್ತು. ನೀನಾದ್ರೂ ಇಡು."

ಅವರ ಮಾತು ತಪ್ಪೆಂದು ನನಗೆ ಅನಿಸಲಿಲ್ಲ. ಸುಮ್ಮನಿರುವುದು ಎಷ್ಟು ಸುಲಭವೆಂದು ಅನಿಸಿತು. ನಾನು ಅಂತ್ಯಕ್ರಿಯೆಯ ದಿನದಿಂದ ಸುಮ್ಮನೇ ಇದ್ದೆ. ಎಲ್ಲರೂ ಅದನ್ನು ಧೈರ್ಯ ಎಂದು ಕರೆದಿದ್ದರು.

"ಆರು ತಿಂಗಳಲ್ಲಿ ಆ ಬೋರ್ಡು ಇಳಿಸ್ತಾರೆ ಅತ್ತೆ," ಎಂದೆ.

ಅವರು ತಟ್ಟೆ ಎತ್ತಿಕೊಂಡು ಎದ್ದರು. ನಲ್ಲಿ ತಿರುಗಿಸಿದ ಸದ್ದು ಬಹಳ ಹೊತ್ತು ಬಂತು.

ಅವನು ಹೇಳುತ್ತಿದ್ದನೋ ಇಲ್ಲವೋ ಎಂದು ನಾನು ಒಂದಿಷ್ಟು ಯೋಚಿಸಿದೆ. ಸುಮ್ಮನಿರುವವನಾಗಿದ್ದರೆ ತಕ್ಕಡಿ ಯಾಕೆ ತಂದ? ಹೇಳುವವನಾಗಿದ್ದರೆ ಸೂಟ್‌ಕೇಸ್ ಎಂದು ಸುಳ್ಳು ಯಾಕೆ ಹೇಳಿದ? ಎರಡಕ್ಕೂ ಉತ್ತರ ಕೊಡುವವನು ಇರಲಿಲ್ಲ. ಅವನ ಮನಸ್ಸನ್ನು ಊಹಿಸುವ ಕೆಲಸವನ್ನು ಅಲ್ಲಿಗೆ ಬಿಟ್ಟೆ. ನನಗೆ ಗೊತ್ತಿದ್ದದ್ದು ಒಂದು ಬೆಡ್‌ಶೀಟಿನ ತೂಕ ಮಾತ್ರ.

ಮರುದಿನ ಬೆಳಿಗ್ಗೆ, ಒಣಗಿದ್ದ ಬೆಡ್‌ಶೀಟ್ ಒಂದನ್ನು ಮತ್ತೆ ಮೆಷಿನ್‌ಗೆ ಹಾಕಿ ನೆನೆಸಿ ಹಿಂಡಿಸಿದೆ. ಅದನ್ನು ಬಕೆಟ್‌ಗೆ ಹಾಕಿ, ಒಣಗಿದ್ದ ಇನ್ನೊಂದನ್ನು ಕೈಚೀಲಕ್ಕೆ ತುರುಕಿ, ಮೊಳೆಯಿಂದ ತಕ್ಕಡಿ ತೆಗೆದೆ. ಅತ್ತೆ ನೋಡಿದರು. ಬೇಡ ಎನ್ನಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ, "ಮೆತ್ತಗೆ ಹೇಳು," ಎಂದರು.

ಗಡಿಯಾರ ನಿಜವಾಗಿಯೂ ಮೊದಲೇ ಬಂದು ಕಸ ಗುಡಿಸುತ್ತಿದ್ದ. ಬಕೆಟ್ ನೋಡಿ ನಕ್ಕ.

"ಏನತ್ತಿಗೆ, ಮೊದಲನೇ ಗಿರಾಕಿ ನೀವೇನಾ? ಇನ್ನೂ ಮೆಷಿನ್ನೇ ಬಂದಿಲ್ಲ."

ನಾನು ಮೂಲೆಯಲ್ಲಿದ್ದ ಸ್ಟೂಲ್ ಎಳೆದು ಹತ್ತಿ ಚಾವಣಿಯ ಕೊಕ್ಕೆಗೆ ತಕ್ಕಡಿ ಸಿಕ್ಕಿಸಿದೆ. ಒಣಗಿದ ಬೆಡ್‌ಶೀಟ್ ನೇತುಹಾಕಿ ಇಳಿದೆ.

"ಎಷ್ಟಿದೆ ನೋಡಿ."

"ಮುಕ್ಕಾಲು. ಇದು ನನ್ನ ತಕ್ಕಡಿ ಅಲ್ವಾ?"

"ಹೌದು." ಅದನ್ನು ತೆಗೆದು ಒದ್ದೆಯದನ್ನು ಹಾಕಿದೆ. "ಇದು ಹಿಂಡಿದ್ದು. ಮುಟ್ಟಿ ನೋಡಿ, ನೀರು ಸುರೀತಿಲ್ಲ."

"ಒಂದು ಇನ್ನೂರು." ಅವನ ಕೈಯಲ್ಲಿ ಪೊರಕೆ ಇನ್ನೂ ಇತ್ತು. "ಏನಿದು?"

"ನಿಮ್ಮ ನೂರು ಕೇಜಿ, ಒಗೆದು ಹಿಂಡಿದ ಮೇಲೆ ನೂರ ಅರವತ್ತು ಆಗುತ್ತೆ. ಹಳೇ ಮೆಷಿನ್ನು ಇಷ್ಟು ಚೆನ್ನಾಗಿ ಹಿಂಡದಿದ್ರೆ ಇನ್ನೂ ಜಾಸ್ತಿ. ಆ ಅರವತ್ತು ಲೀಟರ್ ನೀರು ಜಾಲರಿಗೆ ಹೋಗಲ್ಲ. ಗಾಳಿಗೆ ಹೋಗ್ಬೇಕು. ಈ ಕೋಣೆಯಿಂದ ಎಲ್ಲಿಗೆ ಹೋಗುತ್ತೆ?"

ಅವನು ಗೋಡೆಗಳನ್ನು ನೋಡಿದ.

"ಡ್ರೈಯರ್ ಇದೆಯಲ್ಲ. ಇದು ಒಗೀತಾ ಇರುವಾಗ ಅದು ಒಣಗಿಸ್ತಾ ಇರುತ್ತೆ."

"ಎರಡಕ್ಕೂ ಒಂದೇ ಹೊತ್ತು ಹಿಡಿದ್ರೆ ಸರಿ. ಬೆಡ್‌ಶೀಟ್ ಡ್ರೈಯರ್‌ನಲ್ಲಿ ಉಂಡೆ ಕಟ್ಕೊಳುತ್ತೆ, ನಡುವೆ ಬಿಡಿಸ್ಬೇಕು. ಒಂದು ಗಂಟೆ ಅಂತ ಇಟ್ಕೊಳಿ. ಮೊದಲನೇದು ಒಣಗೋ ಹೊತ್ತಿಗೆ ಎರಡನೇದು ಕಾಯ್ತಾ ಇರುತ್ತೆ. ಏಳನೇದು ಎಷ್ಟು ಗಂಟೆಗೆ ಬರುತ್ತೆ, ನೀವೇ ಎಣಿಸಿ."

ಬೆರಳು ಮಡಚಿ ಎಣಿಸಿದ. ಅರ್ಧದಲ್ಲಿ ನಿಲ್ಲಿಸಿದ.

"ಇನ್ನೊಂದು ಡ್ರೈಯರ್ ಹಾಕ್ತೀನಿ."

"ಇಲ್ಲಿನ ಕರೆಂಟಿಗೆ ಎರಡು ಹತ್ತುತ್ತಾ?"

ಅವನು ಮೀಟರ್ ಕಡೆ ನೋಡಲಿಲ್ಲ. ಅಂದರೆ ಅದನ್ನು ಆಗಲೇ ಕೇಳಿದ್ದ, ಉತ್ತರವೂ ಗೊತ್ತಿತ್ತು.

"ಇದೆಲ್ಲ ನಿಮ್ಗೆ ಯಾರು ಹೇಳಿದ್ದು?" ಎಂದ.

"ನಿಮ್ಮ ಗೆಳೆಯ. ಆ ತಕ್ಕಡಿ ತಂದಿದ್ದೇ ಇದಕ್ಕೆ."

"ನನ್ನ ಹತ್ರ ಸೂಪರ್ ಅಂದ."

"ಹೌದು. ನಾನೂ ಅಲ್ಲೇ ಇದ್ದೆ."

ಪೊರಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಎತ್ತಲಿಲ್ಲ.

"ಹಾಗಾದ್ರೆ ನಾನು ಹೋದ್ಮೇಲೆ ನನ್ನ ನೆನೆಸ್ಕೊಂಡು ನಕ್ಕ."

"ನಗ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಗೊತ್ತಿಲ್ಲ. ಹೇಳೋಕೆ ಅಂತ ಇದ್ರು ಅಂತ ನಾನು ಹೇಳಿದ್ರೆ ಅದು ಸುಳ್ಳಾಗುತ್ತೆ. ಹೇಳ್ತಿರ್ಲಿಲ್ಲ ಅಂದ್ರೂ ಸುಳ್ಳೇ."

"ನೀವಾದ್ರೂ ಸುಮ್ಮನಿರ್ಬಹುದಿತ್ತು." ದನಿ ಏರಲಿಲ್ಲ, ಒರಟಾಯಿತು. "ಬೋರ್ಡು ಬರೆಸಿದೀನಿ. ಅವನು ಒಪ್ಪಿದ್ದ ಅನ್ನೋ ಒಂದು ಮಾತು ಇತ್ತು ನನ್ನ ಹತ್ರ. ಅದನ್ನೂ ತಗೊಂಡ್ರಿ. ಇಂಥದ್ದನ್ನ ಹೇಳೋಕೆ ಬಕೆಟ್ ಬೇರೆ ಹೊತ್ಕೊಂಡು ಬಂದಿದೀರಿ."

ಒದ್ದೆ ಬೆಡ್‌ಶೀಟ್ ಕೊಕ್ಕೆಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿತು. ಮತ್ತೆ ಹಿಂದಕ್ಕೆ.

"ಒಂದು ಕೇಳ್ಲಾ?" ಎಂದೆ. "ಆ ಲಾಡ್ಜಿನವರು ಈಗ ಬಟ್ಟೆ ಕೊಡ್ತಿರೋ ದೊಡ್ಡ ಲಾಂಡ್ರಿ ಬಿಟ್ಟು ನಿಮ್ಗೆ ಯಾಕೆ ಕೊಡ್ತಾರೆ?"

"ಅವರು ಮಾರನೇ ದಿನ ಕೊಡ್ತಾರೆ. ನಾನು ಅವತ್ತೇ ಸಂಜೆ."

"ಮಾರನೇ ದಿನ ಕೊಟ್ರೆ ಲಾಡ್ಜಿನವರಿಗೇನು ಕಷ್ಟ? ಇನ್ನೊಂದು ಜೊತೆ ಹಾಸಿ ಸುಮ್ಮನಾಗ್ಬಹುದಲ್ಲ. ಹಾಸಿಗೆಗೆ ಎಷ್ಟು ಜೊತೆ ಬೆಡ್‌ಶೀಟ್ ಇಟ್ಕೊಂಡಿದಾರೆ, ಕೇಳಿದೀರಾ?"

ಕೇಳಿರಲಿಲ್ಲ. ಫೋನ್ ತೆಗೆದ. ನನ್ನ ಎದುರೇ ಸ್ಪೀಕರ್ ಹಾಕಿದ್ದು ನನ್ನನ್ನು ಸುಳ್ಳಾಗಿಸಲು ಎಂದುಕೊಂಡೆ. ದೊಡ್ಡ ಲಾಡ್ಜಿನ ಮ್ಯಾನೇಜರ್ ಎತ್ತಿದ. ಹಿಂದೆ ಯಾರೋ ಬಕೆಟ್ ಎಳೆಯುವ ಸದ್ದಿತ್ತು.

"ಸರ್, ನಿಮ್ಮಲ್ಲಿ ಹಾಸಿಗೆಗೆ ಎಷ್ಟು ಜೊತೆ ಇದೆ?"

"ಜೊತೆನಾ? ಒಂದೇ. ಎರಡನೇದು ಈಚೆಗೆ ಹರಿದುಹೋಯ್ತು. ಮೇಲೆ ಐದಾರು ಇರ್ಬೇಕು, ಕಲೆ ಆಗಿದ್ದು. ಯಾಕಪ್ಪಾ?"

"ಇನ್ನೊಂದು ಜೊತೆ ತಗೊಂಡ್ರೆ ನಾನು ರಾತ್ರಿಯೆಲ್ಲ ಒಣಗಿಸಿ ಬೆಳಿಗ್ಗೆ ಕೊಡ್ಬಹುದು."

ಅತ್ತ ಕಡೆ ನಗು. "ಇನ್ನೊಂದು ಜೊತೆ ತಗೊಳೋ ಹಾಗಿದ್ರೆ ಆ ಲಾಂಡ್ರಿಯವನೇ ಸಾಕಾಗಿತ್ತಲ್ಲ ಮಾರಾಯ. ಆರು ಗಂಟೆಗೆ ಗಿರಾಕಿನ ಬರೀ ಹಾಸಿಗೆ ಮೇಲೆ ಮಲಗಿಸ್ಲಾ? ಸಂಜೆ ಐದು ಅಂದ್ರೆ ಐದು. ಅದಕ್ಕೇ ನಿನ್ನ ಹಿಡಿದಿರೋದು."

ಗಡಿಯಾರ, "ಸರಿ ಸರ್," ಎಂದು ಫೋನ್ ಕಿಸೆಗೆ ಹಾಕಿದ. ಹೊರಗೆ ಬೀಗದ ಕೈಯವನ ಅರ ಕಿರುಗುಟ್ಟುತ್ತಿತ್ತು.

ಅಂಗಡಿಯ ಓನರ್ ಕಂಕುಳಲ್ಲಿ ಫೈಲ್ ಸಿಕ್ಕಿಸಿಕೊಂಡು ಬಂದ. ಚಾವಣಿಯಿಂದ ನೇತಾಡುತ್ತಿದ್ದ ಬೆಡ್‌ಶೀಟ್ ನೋಡಿ, "ಈಗಲೇ ಕೆಲಸ ಶುರುನಾ?" ಎಂದ.

ಗಡಿಯಾರ ನನ್ನ ಕಡೆ ನೋಡಲಿಲ್ಲ.

"ಹಿಂದಿನ ಗೋಡೆಗೆ ಗಾಳಿ ಹೋಗೋಕೆ ಪೈಪು ಹಾಕೋಕಾಗುತ್ತಾ?"

"ಅದು ಬೇರೆಯವರ ಗೋಡೆ. ಹೇಗಾಗುತ್ತೆ?"

"ಹಾಗಾದ್ರೆ ಇವತ್ತು ಸಹಿ ಬೇಡ."

"ಇವತ್ತು ಬೇಡ ಅಂದ್ರೆ ಅಂಗಡಿ ನಾಳೆ ಇರಲ್ಲ. ಬೇರೆಯವರು ಕೇಳ್ತಾ ಇದಾರೆ."

"ಕೊಡಿ ಅವರಿಗೆ."

ಓನರ್ ಇಬ್ಬರನ್ನೂ ನೋಡಿ, ಫೈಲನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ಹೊರಡುವಾಗ ನಾವೇ ಶಟರ್ ಎಳೆದು ಬೀಗದ ಕೈ ಔಷಧಿ ಅಂಗಡಿಯಲ್ಲಿ ಕೊಡಬೇಕೆಂದು ಹೇಳಿ ಹೋದ.

ಗಡಿಯಾರ ಸ್ಟೂಲ್ ಹತ್ತಿ ಬೆಡ್‌ಶೀಟ್ ಇಳಿಸಿ ಬಕೆಟ್‌ಗೆ ಹಾಕಿದ. ಬೋರ್ಡಿನ ಅಕ್ಷರವನ್ನು ಬೆರಳಿಂದ ಮುಟ್ಟಿ ನೋಡಿದ. ಬಣ್ಣ ಈಗ ಆರಿತ್ತು. ಹಳೆಯ ಪೇಪರ್ ಸುತ್ತಿ ವ್ಯಾನಿನ ಹಿಂದೆ ಅಡ್ಡ ಮಲಗಿಸಿದ. ಅದನ್ನು ಏನು ಮಾಡುತ್ತಾನೆಂದು ನಾನು ಕೇಳಲಿಲ್ಲ. ಅತ್ತೆ ಕೇಳುತ್ತಾರೆ, ಗೊತ್ತಿತ್ತು.

"ಕೆಲಸಕ್ಕೆ ಹೋಗ್ಬೇಕು," ಎಂದ. "ಹನ್ನೊಂದಕ್ಕೆ ನನ್ನ ಪಾಳಿ. ಇವತ್ತೂ ಲೇಟು ಅಂತಾರೆ."

ಆ ಬೆಳಿಗ್ಗೆ ಅವನು ಮತ್ತೆ ಅತ್ತಿಗೆ ಎನ್ನಲಿಲ್ಲ.

ನಾನು ಸ್ಟೂಲ್ ಹತ್ತಿ ಚಾವಣಿಯ ಕೊಕ್ಕೆಯಿಂದ ತಕ್ಕಡಿ ಬಿಡಿಸಿಕೊಂಡೆ. ತಕ್ಕಡಿಯ ಕೊಕ್ಕೆ ಒದ್ದೆಯಾಗಿತ್ತು, ಸೆರಗಿನಿಂದ ಒರೆಸಿದೆ. ಅವನು ಶಟರ್‌ಗೆ ಕೈ ಹಾಕಿ ನಿಂತಿದ್ದ.

"ಸೂಟ್‌ಕೇಸ್ ತೂಗಿ ಆಯ್ತೇನೋ ಅಂತ ಅವನನ್ನ ಎರಡು ಸಲ ಕೇಳಿದ್ದೆ," ಎಂದ.

"ಏನಂದ್ರು?"

"ಇನ್ನೂ ಸ್ವಲ್ಪ ಬಾಕಿ ಇದೆ ಅಂದ."

ತಕ್ಕಡಿಯನ್ನು ಅವನ ಕೈಗೆ ಕೊಟ್ಟೆ.